ನಡತೆ ಅಲ್ಲ, ಹೇಳುವ ರೀತಿ

ಮುಳಬಾಗಿಲು ಕಡೆಯ ಬಸ್ಸಿನಲ್ಲಿ ಆಕೆ ಬಂದಿಲ್ಲ ಎಂಬುದು ನನ್ನ ಗಮನಕ್ಕೆ ಬಂದಿದ್ದು ಎರಡನೆಯ ದಿನ. ಮೊದಲ ದಿನ ಬಾರದಿದ್ದರೆ ನಾವು ಯಾರೂ ಕೇಳುವುದಿಲ್ಲ. ಮಗುವಿಗೆ ಜ್ವರ ಇರಬಹುದು, ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡಿಗೆ ಬಿಡುವ ಹೊತ್ತಾಗಿರಬಹುದು, ಯಾರದೋ ತಿಥಿ ಇರಬಹುದು. ಎರಡನೆಯ ದಿನವೂ ಬಾರದೆ, ಫೋನೂ ಎತ್ತದೆ ಇದ್ದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ. ರಜೆ ಬೇಕಾದರೆ ಹಿಂದಿನ ದಿನವೇ ಬಂದು, ನನ್ನ ಮೇಜಿನ ಮುಂದೆ ನಿಂತು, ಕಾರಣವನ್ನು ಗಟ್ಟಿಯಾಗಿ ಹೇಳಿ ಹೋಗುವ ಹೆಂಗಸು ಆಕೆ.

ವೇಮಗಲ್‌ನ ಕೈಗಾರಿಕಾ ಪ್ರದೇಶದಲ್ಲಿ, ಗಾಡಿಗಳ ಒಳಗೆ ಕೂರಿಸುವ ವೈರುಗಳ ಕಟ್ಟನ್ನು ತಯಾರಿಸುವ ಕಾರ್ಖಾನೆ ನಮ್ಮದು. ನಾನು ಅಲ್ಲಿ ಎಚ್‌ಆರ್ ವಿಭಾಗದಲ್ಲಿದ್ದೆ. ಬಸ್ಸು, ಕ್ಯಾಂಟೀನು, ರಜೆ, ಹೆರಿಗೆ, ಜಗಳ ಎಲ್ಲವೂ ನನ್ನ ಪಾಲಿಗೆ. ಮಾಲೂರಿನಿಂದ ನರಸಾಪುರದ ಮೇಲೆ ಬರುವ ಕಂಪನಿ ಬಸ್ಸಿನಲ್ಲಿ ಮುಂದಿನ ಸೀಟು ನನ್ನದು. ಆಕೆ ಚೆಕಿಂಗ್ ಬೋರ್ಡಿನ ಮುಂದೆ ಕೂರುವವಳು. ಕೊನೆಯಲ್ಲಿ ಪ್ರತಿ ಕಟ್ಟನ್ನೂ ಬೋರ್ಡಿನ ಮೇಲೆ ಹರಡಿ, ಯಾವ ವೈರು ಯಾವ ಕ್ಲಿಪ್ಪಿಗೆ ಹೋಗಿದೆ ಎಂದು ನೋಡಿ, ಸರಿಯಿದ್ದರೆ ಮುಂದಕ್ಕೆ ಬಿಡುವ ಕೆಲಸ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಕೆಯ ಊರಿನಿಂದಲೇ ಬರುವ ಒಬ್ಬಳನ್ನು ಹಿಡಿದು ಕೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಆಯಕ್ಕ ಇನ್ ಬರಲ್ವಂತೆ ಮೇಡಂ."

"ಯಾಕಮ್ಮಾ? ಏನಾಯ್ತು?"

"ಆ ಪೇಪರ್ ಕೊಟ್ರಲ್ಲಾ ಮೊನ್ನೆ, ಅಪ್ರೈಸಲ್ದು. ಅದ್ರಲ್ಲಿ ನಡತೆ ಸರಿಯಿಲ್ಲ ಅಂತ ಬರ್ದಿದಾರಂತೆ. ಗಂಡ ಓದ್ಬಿಟ್ಟು ಅವರಮ್ಮಂಗೆ ಹೇಳಿದ್ನಂತೆ. ಮನೇಲಿ ದೊಡ್ಡ ಗಲಾಟೆ."

ನಾನು ತಟ್ಟೆ ಅಲ್ಲೇ ಬಿಟ್ಟು ಎದ್ದೆ. ಆಫೀಸಿಗೆ ಹೋಗಿ ಆಕೆಯ ಹಾಳೆಯ ಪ್ರತಿ ತೆಗೆದು ನೋಡಿದೆ. "ಕೆಲಸದ ಗುಣಮಟ್ಟ ಉತ್ತಮವಾಗಿದೆ. ಆದರೆ ನಡತೆಯಲ್ಲಿ ಸುಧಾರಣೆಯ ಅಗತ್ಯವಿದೆ. ಸಹೋದ್ಯೋಗಿಗಳೊಂದಿಗಿನ ಸಂಬಂಧ ಸಮರ್ಪಕವಾಗಿಲ್ಲ."

ಓದಿದೆ, ಮತ್ತೆ ಓದಿದೆ. ನಡತೆ. ಸಂಬಂಧ. ಈ ಎರಡು ಪದಗಳನ್ನು ಒಂದು ಹೆಣ್ಣಿನ ಹೆಸರಿನ ಕೆಳಗೆ ಬರೆದು, ಮೊಹರು ಒತ್ತಿ, ಮನೆಗೆ ಕಳಿಸಿದರೆ ಮನೆಯವರು ಏನೆಂದು ತಿಳಿಯಬೇಕು? ಆಕೆಯ ಮನೆಮಾತಾದ ತೆಲುಗಿನಲ್ಲೂ ಅದು "ನಡತ"ವೇ. ಯಾವ ಭಾಷೆಯಲ್ಲಿ ಹೇಳಿಕೊಂಡರೂ ಅರ್ಥ ಒಂದೇ ಕಡೆಗೆ ಓಡುತ್ತದೆ.

ಆ ವರ್ಷದವರೆಗೆ ಈ ಷರಾಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಲೈನಿನವರು ಓದದೆ ಸಹಿ ಹಾಕುತ್ತಿದ್ದರು, ನಾವು ಕಡತಕ್ಕೆ ಸೇರಿಸುತ್ತಿದ್ದೆವು. ಓದಲು ಬಾರದ ಭಾಷೆಯಲ್ಲಿ ಅಭಿಪ್ರಾಯ ಹೇಳಿ ಏನು ಪ್ರಯೋಜನ ಎಂದು ಯಾರೋ ಹೆಡ್ ಆಫೀಸಿನಲ್ಲಿ ಸರಿಯಾಗಿಯೇ ಕೇಳಿದ್ದರು. ಹಾಗಾಗಿ ಈ ಸಲ ಕನ್ನಡ. ಸೂಪರ್‌ವೈಸರುಗಳು ಎಂದಿನಂತೆ ಇಂಗ್ಲಿಷಿನಲ್ಲಿ ಟೈಪು ಮಾಡಿದರು. ಅದನ್ನು ಹೆಡ್ ಆಫೀಸಿನಲ್ಲಿ ಕಂಪ್ಯೂಟರು ಕನ್ನಡ ಮಾಡಿತು. ಲಕೋಟೆಗಳಲ್ಲಿ ಮುಚ್ಚಿ ಕಳಿಸಿದರು. ನಡುವೆ ಕನ್ನಡ ಬಲ್ಲ ಒಬ್ಬರೂ ಅದನ್ನು ಓದಿರಲಿಲ್ಲ.

ಆಕೆಯ ಸೂಪರ್‌ವೈಸರ್ ಶ್ರೀನಿವಾಸಪುರದ ಕಡೆಯವರು. ಲೈನಿನಿಂದ ಕರೆಸಿ ಹಾಳೆ ಕೈಗೆ ಕೊಟ್ಟೆ. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು.

"ನಾನ್ ಬರ್ದಿದ್ದು ಇದಲ್ಲ ಮೇಡಂ, ದೇವ್ರಾಣೆ. ನಂಗೂ ಹೆಣ್ಮಕ್ಳಿದಾರೆ. ಹಿಂಗ್ ಬರೀತೀನಾ ನಾನು?"

"ಇಂಗ್ಲಿಷ್ನಲ್ಲಿ ಏನ್ ಬರ್ದ್ರಿ ಸಾರ್?"

"ಕಂಡಕ್ಟ್ ಅಂತ ಬರ್ದೆ. ರಿಲೇಷನ್ ಅಂತ ಬರ್ದೆ. ಎಲ್ರೂ ಅದೇ ತಾನೆ ಬರ್ಯೋದು."

"ನಿಮ್ ಮನಸ್ಸಲ್ಲಿ ಇದ್ದಿದ್ದೇನು? ಆಕೆ ಏನ್ ಮಾಡ್ತಾಳೆ, ಅದನ್ನ ಹೇಳಿ."

ಅವರು ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು. ಆಕೆಯಷ್ಟು ಚೆನ್ನಾಗಿ ತಪ್ಪು ಹಿಡಿಯುವವರು ಲೈನಿನಲ್ಲಿ ಇನ್ನೊಬ್ಬರಿಲ್ಲ. ಆದರೆ ತಪ್ಪು ಸಿಕ್ಕ ಕೂಡಲೇ ಕೂತಲ್ಲಿಂದಲೇ ಕೂಗುತ್ತಾಳೆ. "ಏಯ್, ಕಣ್ಣೆಲ್ಲಿಟ್ಕೊಂಡಿದ್ದೀಯೇ? ಹಸ್ರು ವೈರ್‌ನ ಯಾವ್ದಕ್ಕೆ ಚುಚ್ಚಿದ್ದೀಯ ನೋಡು ಬಾ!" ಇಡೀ ಶೆಡ್ಡು ತಿರುಗಿ ನೋಡುತ್ತದೆ. ಹೊಸದಾಗಿ ಬಂದ ಹುಡುಗಿಯರು ಅಳುತ್ತಾರೆ. ಗೊತ್ತಿಲ್ಲದ್ದನ್ನು ಕೇಳಲು ಹೆದರಿ, ತಮಗೆ ತೋಚಿದಂತೆ ಚುಚ್ಚಿ ಮುಂದೆ ತಳ್ಳುತ್ತಾರೆ. ಅದರಿಂದ ತಪ್ಪು ಇನ್ನೂ ಹೆಚ್ಚಾಗುತ್ತಿದೆ.

"ಇಷ್ಟು ಚೆನ್ನಾಗಿ ಹೇಳಿದ್ರಲ್ಲ ಸಾರ್, ಹಿಂಗೇ ಬರೀಬೋದಿತ್ತಲ್ಲ?"

"ಹಿಂಗ್ ಬರದ್ರೆ ಅಪ್ರೈಸಲ್ ತರ ಇರಲ್ವಲ್ಲ ಮೇಡಂ" ಎಂದರು ಅವರು. ತಮಾಷೆಗೆ ಹೇಳಿದ್ದಲ್ಲ. ಅವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು.

ಎಚ್‌ಆರ್ ಮ್ಯಾನೇಜರ್ ಬಳಿ ಹೋದೆ. ಅವರು ಫೋನ್ ಕೆಳಗಿಡದೆಯೇ ಕೇಳಿಸಿಕೊಂಡರು. ಹೊಸದಾಗಿ ಬರೆದು ತನ್ನಿ, ಹೆಡ್ ಆಫೀಸಿನೊಂದಿಗೆ ನಾನು ಮಾತಾಡುತ್ತೇನೆ ಎಂದರು. "ವಿಷಯ ಮಾತ್ರ ಬದಲಾಗ್ಬಾರ್ದು ನೋಡಿ. ಹೆದರ್ಕೊಂಡು ಬರೀ ಹೊಗಳಿ ಕಳಿಸ್ಬೇಡಿ" ಎಂದೂ ಸೇರಿಸಿದರು.

ಆ ಸಂಜೆ ಬಸ್ಸಿನಲ್ಲಿ ಕೂತು ಬರೆಯತೊಡಗಿದೆ. ನರಸಾಪುರ ದಾಟುವ ಹೊತ್ತಿಗೆ ಒಂದು ವಾಕ್ಯ ಆಯಿತು. "ಸಹೋದ್ಯೋಗಿಗಳೊಡನೆ ಸೌಜನ್ಯಯುತ ಸಂವಹನವು ಅಪೇಕ್ಷಣೀಯ." ಬಸ್‌ಸ್ಟ್ಯಾಂಡಿನ ಬೋರ್ಡಿನಂತೆ ಕಾಣಿಸಿತು. ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಅಳಿಸಿದೆ. "ಸ್ವಲ್ಪ ತಾಳ್ಮೆ ಬೆಳೆಸಿಕೊಂಡರೆ ಇನ್ನೂ ಚೆನ್ನಾಗಿರುತ್ತದೆ" ಎಂದು ಬರೆದೆ. ಇದು ಮೆತ್ತಗಿತ್ತು, ಮರ್ಯಾದೆಯೂ ಇತ್ತು. ಆದರೆ ನಾಳೆ ಬೆಳಿಗ್ಗೆ ಬೋರ್ಡಿನ ಮುಂದೆ ಕೂತ ಮೇಲೆ ಆಕೆ ಏನನ್ನು ಬೇರೆ ಥರ ಮಾಡಬೇಕು? ಅದು ಅದರಲ್ಲಿ ಇರಲಿಲ್ಲ. ತಾಳ್ಮೆ ಇಲ್ಲದವಳು ಎಂಬ ಇನ್ನೊಂದು ಹಣೆಪಟ್ಟಿ ಮಾತ್ರ ಇತ್ತು.

ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುವಾಗಲೂ ಬಾಯಲ್ಲಿ ಪದಗಳು ಹೊರಳುತ್ತಿದ್ದವು. ಕಂಡುಬಂದಿದೆ. ಬೇಡ, ಅದು ಪೊಲೀಸರ ಭಾಷೆ. ನಿರ್ಲಕ್ಷ್ಯ. ಅದೂ ಬೇಡ, ನೋಟಿಸಿನಲ್ಲಿ ಬರುವ ಪದ. ಸೂಚಿಸಲಾಗಿದೆ ಎಂದರೆ ಸೂಚಿಸಿದವರು ಯಾರು? ಪರವಾಗಿಲ್ಲ ಎಂದರೆ ಹೊಗಳಿಕೆಯೋ, ಬೇಜಾರೋ? ನನ್ನ ಯಜಮಾನರು ಅಡುಗೆಮನೆಗೆ ಇಣುಕಿ, "ಯಾರ ಜೊತೆ ಮಾತಾಡ್ತಿದ್ದೀಯೇ?" ಎಂದರು. ನಾನು ಉತ್ತರ ಕೊಡುವಷ್ಟರಲ್ಲಿ ಸಾಸಿವೆ ಸೀದಿತ್ತು.

ಮರುದಿನ ಸೂಪರ್‌ವೈಸರ್ ತಾವೂ ಒಂದು ಬರೆದುಕೊಂಡು ಬಂದಿದ್ದರು. "ಎಲ್ಲರ ಮೇಲೂ ಯಾವಾಗಲೂ ಕೂಗಾಡುತ್ತಾರೆ. ಇನ್ನು ಮುಂದೆ ಇದನ್ನು ನಿಲ್ಲಿಸತಕ್ಕದ್ದು."

"ಎಲ್ಲರ ಮೇಲೂನಾ ಸಾರ್? ನಿಮ್ಮೇಲೆ ಕೂಗಾಡಿದ್ದಾಳಾ?"

"ಇಲ್ಲ."

"ಯಾವಾಗ್ಲೂ?"

"ಇಲ್ಲಪ್ಪ, ತಪ್ಪು ಸಿಕ್ಕಾಗ."

"ಕೂಗಾಡೋದು ಅಂದ್ರೆ ಕಾರಣ ಇಲ್ದೆ ರೇಗೋದು. ಆಕೆ ಕಾರಣ ಇಟ್ಕೊಂಡೇ ಹೇಳ್ತಾಳೆ, ಗಟ್ಟಿಯಾಗಿ ಹೇಳ್ತಾಳೆ. ಅಷ್ಟೇ ಅಲ್ವಾ?"

ಅವರು ತಲೆ ಕೆರೆದುಕೊಂಡರು. "ತಕ್ಕದ್ದು" ಎಂಬುದನ್ನು ತಾವೇ ಹೊಡೆದುಹಾಕಿದರು. ಅದು ತಾಲ್ಲೂಕು ಕಚೇರಿಯಿಂದ ಬಂದಂತೆ ಇತ್ತು. ಆಮೇಲೆ ಇಬ್ಬರೂ ಕೂತು, ಅವರು ನನಗೆ ಬಾಯಲ್ಲಿ ಹೇಳಿದ್ದನ್ನೇ ಹಿಡಿದು ಬರೆದೆವು. ಮಾತನ್ನು ನೇರವಾಗಿ ಆಕೆಗೇ ಹೇಳುವಂತೆ "ನೀವು" ಎಂದು ಇಟ್ಟೆವು. ಹೊಗಳಿಕೆಯ ಬೆನ್ನಿಗೇ ಬರುವ "ಆದರೆ"ಯನ್ನು ತೆಗೆದೆವು. ಆ ಪದ ಬಂದ ತಕ್ಷಣ ಓದುವವರಿಗೆ ಮುಂದಿನ ಏಟಷ್ಟೇ ಕಾಣುತ್ತದೆ, ಹಿಂದೆ ಹೇಳಿದ ಒಳ್ಳೆಯ ಮಾತು ಸುಳ್ಳಾಗುತ್ತದೆ. ಕೊನೆಗೆ ಹೀಗಾಯಿತು:

"ತಪ್ಪು ಹಿಡಿಯುವುದರಲ್ಲಿ ನಿಮ್ಮ ಕಣ್ಣು ಚುರುಕು. ನಿಮ್ಮ ಬೋರ್ಡು ದಾಟಿ ಹೋದ ಕಟ್ಟು ವಾಪಸ್ ಬರುವುದು ಅಪರೂಪ. ತಪ್ಪು ಕಂಡಾಗ ಕೂತಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳುತ್ತೀರಿ. ಇದರಿಂದ ಹೊಸಬರು ಹೆದರಿ, ಗೊತ್ತಿಲ್ಲದ್ದನ್ನು ಕೇಳಲು ಹಿಂಜರಿಯುತ್ತಿದ್ದಾರೆ. ಇನ್ನು ಮುಂದೆ ತಪ್ಪು ಮಾಡಿದವರ ಹತ್ತಿರ ಹೋಗಿ, ಅವರಿಗಷ್ಟೇ ಕೇಳುವಂತೆ ಹೇಳಿ."

"ಹೇಳಿ" ಎನ್ನುವುದೋ, "ಹೇಳಬೇಕು" ಎನ್ನುವುದೋ, "ಹೇಳಿದರೆ ಒಳ್ಳೆಯದು" ಎನ್ನುವುದೋ ಎಂದು ನಾವು ಇನ್ನೂ ಸ್ವಲ್ಪ ಹೊತ್ತು ಜಗ್ಗಾಡಿದೆವು. "ಬೇಕು" ಎಂದರೆ ಹುಕುಂ ಆಗುತ್ತಿತ್ತು, "ಒಳ್ಳೆಯದು" ಎಂದರೆ ಮಾಡಿದರೂ ಆದೀತು ಬಿಟ್ಟರೂ ಆದೀತು ಎಂದಾಗುತ್ತಿತ್ತು. "ಹೇಳಿ" ಎಂಬುದೇ ನಿಂತಿತು.

ಮಧ್ಯಾಹ್ನ ಕಂಪನಿ ಜೀಪಿನಲ್ಲಿ ಇಬ್ಬರೂ ಹೊರಟೆವು. ಕೋಲಾರ ದಾಟಿ, ಮುಳಬಾಗಿಲು ದಾಟಿ, ಆಂಧ್ರದ ಕಡೆಗೆ ಇನ್ನೂ ಸ್ವಲ್ಪ ದೂರ. ಸೂಪರ್‌ವೈಸರ್ ದಾರಿಯುದ್ದಕ್ಕೂ ಕಿಟಕಿಯ ಗಾಜನ್ನು ಏರಿಸುತ್ತಾ ಇಳಿಸುತ್ತಾ ಇದ್ದರು. "ಗಂಡ ಇದ್ರೆ ಏನ್ ಹೇಳೋದು ಮೇಡಂ?" ಎಂದು ಒಂದೆರಡು ಸಲ ಕೇಳಿದರು.

ಮನೆಯ ಪಕ್ಕದಲ್ಲೇ ರೇಷ್ಮೆಹುಳ ಸಾಕುವ ಹುಳುಮನೆ. ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ಹೊತ್ತು, ದಾಟಿ ಸೊಪ್ಪು ಮುಕ್ಕುತ್ತಿದ್ದವು. ಒಳಗಿಂದ ಸರಸರ ಎಂಬ ಸದ್ದು ಬಿಡದೆ ಬರುತ್ತಿತ್ತು. ಹುಳಕ್ಕೆ ರೋಗ ತಗಲೀತೆಂದು ಹೊರಗಿನವರು ಒಳಗೆ ಹೋಗುವಂತಿಲ್ಲ, ಹಾಗಾಗಿ ಅಂಗಳದಲ್ಲೇ ನಿಂತೆವು. ಆಕೆಯ ಅತ್ತೆ ಹಿಪ್ಪುನೇರಳೆ ಸೊಪ್ಪಿನ ಹೊರೆಯ ಹಿಂದಿನಿಂದ ನಮ್ಮನ್ನು ನೋಡಿದರು.

"ಕೂಕೋಮ್ಮಾ" ಎಂದು ನನಗೆ ಚಾಪೆ ತೋರಿಸಿದರು. ಸೂಪರ್‌ವೈಸರ್‌ಗೆ ಏನೂ ಹೇಳಲಿಲ್ಲ. ನೇರವಾಗಿ ತೆಲುಗಿನಲ್ಲಿ ಕೇಳಿದರು. "ನಡತ ಬಾಗಲೇದು ಅಂಟೇ ಏಮಿ ಅರ್ಥಮು? ಮೀರೇ ಚೆಪ್ಪಂಡಿ." ನಡತೆ ಸರಿಯಿಲ್ಲ ಎಂದರೆ ಏನು ಅರ್ಥ, ನೀವೇ ಹೇಳಿ.

ಆಕೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಶೆಡ್ಡಿಗೆಲ್ಲ ಕೇಳುವ ಗಂಟಲಿನವಳು ತುಟಿ ಬಿಚ್ಚಲಿಲ್ಲ. ಆಕೆಯ ಗಂಡ ಟೊಮೆಟೊ ಸಾಗಿಸುವ ಟೆಂಪೊ ಓಡಿಸುವವನು. ಕ್ರೇಟುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಬೆನ್ನು ಹಾಕಿಯೇ ಇದ್ದ.

"ಅದು ತಪ್ಪಾಗಿ ಬಂದಿರೋ ಮಾತು" ಎಂದೆ. "ಇವ್ರು ಇಂಗ್ಲಿಷ್ನಲ್ಲಿ ಬರ್ದಿದ್ದು ಆಕೆ ಮಾತಾಡೋ ರೀತಿ ಬಗ್ಗೆ. ಕನ್ನಡ ಮಾಡೋವಾಗ ಕೆಟ್ಟೋಯ್ತು. ಆಕೆ ನಡತೆ ಬಗ್ಗೆ ನಮ್ಮ ಕಂಪನೀಲಿ ಯಾರೂ, ಯಾವತ್ತೂ, ಏನೂ ಹೇಳಿಲ್ಲ."

ಸೂಪರ್‌ವೈಸರ್ ಮುಂದೆ ಬಂದು ಕೈ ಮುಗಿದರು. "ನಂದೇ ತಪ್ಪಮ್ಮಾ. ಸುಮ್ನೆ ದೊಡ್ಡ ಪದ ಹಾಕ್ಬಿಟ್ಟೆ. ನನ್ ಮನಸಲ್ಲಿ ಅದಿರ್ಲಿಲ್ಲ."

ಕ್ರೇಟಿನ ಸದ್ದು ನಿಂತಿತು. ಗಂಡ ತಿರುಗಿದ. "ಹಂಗಾದ್ರೆ ಏನಿತ್ತು ನಿಮ್ ಮನಸಲ್ಲಿ? ಅದ್ನ ಹೇಳಿ ಮತ್ತೆ."

ನಾನು ಹೊಸದಾಗಿ ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಅಂಗಳದಲ್ಲಿ ನಿಂತು ಓದಿದಾಗಲೂ ಇದು ನಾಲಗೆಗೆ ತೊಡಕಾಗದೆ ಬರುವ ಮಾತೋ ಅಲ್ಲವೋ ಎಂಬುದು ಆಗ ಗೊತ್ತಾಗಬೇಕಿತ್ತು. "ಎಲ್ಲರಿಗೂ ಕೇಳುವಂತೆ ಹೇಳುತ್ತೀರಿ" ಎಂಬಲ್ಲಿಗೆ ಬಂದಾಗ ಅತ್ತೆ ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟರು.

"ಇದಾ?" ಎಂದು ಸೊಸೆಯ ಕಡೆ ನೋಡಿದರು. "ಇಂಟ್ಲೋನೂ ಅಂತೇ ಕದಾ!" ಮನೆಯಲ್ಲೂ ಹಾಗೇ ತಾನೆ! ಗಂಡ ನಗು ತಡೆಯಲಾಗದೆ ಮುಖ ತಿರುಗಿಸಿದ.

ಆಕೆ ಮಾತ್ರ ನಗಲಿಲ್ಲ. ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು.

"ನಾನ್ ಗಟ್ಟಿಯಾಗಿ ಹೇಳೋದು ನಿಜ ಮೇಡಂ. ಅದನ್ನ ಮುಖಕ್ಕೇ ಹೇಳಿದ್ರೆ ಕೇಳ್ಕೊಂತಿದ್ದೆ. ಈಗ ಹತ್ರ ಹೋಗಿ ಹೇಳಿ ಅಂತ ಬರ್ದಿದೀರಲ್ಲ, ಹೆಂಗ್ ಹೋಗ್ಲಿ? ಬೋರ್ಡ್ ಬಿಟ್ಟು ಎದ್ರೆ ಈ ಸಾರೇ ಬೈತಾರೆ, ಕಟ್ಟು ರಾಶಿ ಬೀಳುತ್ತೆ ಅಂತ. ಕ್ರಿಂಪಿಂಗ್ ಮಿಷನ್ ಸದ್ದಲ್ಲಿ ಮೆತ್ತಗೆ ಹೇಳಿದ್ರೆ ಯಾವಳಿಗ್ ಕೇಳುತ್ತೆ? ಕೂಗ್ದೆ ಏನ್ ಮಾಡ್ಲಿ?"

ನಾನು ಸೂಪರ್‌ವೈಸರ್ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ಅದು ನಿಜ" ಎಂದರು. "ಏಳ್ಬೇಡ ಅಂತ ನಾನೇ ಹೇಳಿದೀನಿ. ಲೈನ್ ಲೀಡರ್‌ನ ಆ ಹೊತ್ಗೆ ಬೋರ್ಡ್ ಹತ್ರ ನಿಲ್ಸಿದ್ರೆ ಆಗುತ್ತೆ. ನಾಳೆಯಿಂದ್ಲೇ ಮಾಡ್ತೀನಿ."

"ಹಂಗಾದ್ರೆ ಅದನ್ನೂ ಬರೀರಿ" ಎಂದಳು ಆಕೆ. ಮೊದಲಿನ ಗಂಟಲು ವಾಪಸ್ ಬಂದಿತ್ತು. "ನಂದು ಮಾತ್ರ ಬರೀಬೇಡಿ."

ಅಲ್ಲೇ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದೆ: "ಅದಕ್ಕಾಗಿ ನೀವು ಬೋರ್ಡು ಬಿಟ್ಟು ಏಳಬಹುದು. ಆ ಹೊತ್ತಿಗೆ ಲೈನ್ ಲೀಡರ್ ಬೋರ್ಡು ನೋಡಿಕೊಳ್ಳುತ್ತಾರೆ." ಆಕೆ ಪಕ್ಕದಲ್ಲಿ ನಿಂತು ಒಂದೊಂದೇ ಅಕ್ಷರ ಓದಿದಳು. ಸರಿ ಎಂದಳು.

ಗಂಡ ಮಾತ್ರ ಇನ್ನೂ ಬಿಡಲಿಲ್ಲ. "ಆ ಹಳೇದು? ನಿಮ್ ಕಂಪ್ಯೂಟರ್‌ನಲ್ಲಿ ಇರುತ್ತಲ್ಲ. ನಾಳೆ ಬೇರೆ ಯಾರಾದ್ರೂ ತೆಗೆದು ನೋಡಿದ್ರೆ?" ತೆಗೆಸುತ್ತೇನೆ ಎಂದು ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ತೆಗೆಸಲು ನೋಡುತ್ತೇನೆ, ಆಗದಿದ್ದರೆ ಆಗಲಿಲ್ಲ ಎಂದು ನಾನೇ ಬಂದು ಹೇಳುತ್ತೇನೆ ಎಂದೆ. "ಅದು ಹೋಗೋವರ್ಗೂ ಇವ್ಳು ಬರಲ್ಲ" ಎಂದು ಅವನು ಮತ್ತೆ ಕ್ರೇಟಿಗೆ ಕೈ ಹಾಕಿದ. ಆಕೆಯೂ ಹೋಗಿ ಇನ್ನೊಂದು ತುದಿಯಲ್ಲಿ ಕ್ರೇಟು ಹಿಡಿದಳು.

ಆಮೇಲಿನ ದಿನಗಳು ಮುಗಿಯುವಂತೆಯೇ ಕಾಣಲಿಲ್ಲ. ಹೆಡ್ ಆಫೀಸಿನವರು ಅಪ್ರೈಸಲ್ ಮುಚ್ಚಿಯಾಗಿದೆ, ಇನ್ನು ತಿದ್ದಲು ಬರುವುದಿಲ್ಲ ಎಂದರು. ಅರ್ಥದಲ್ಲಿ ಏನು ತಪ್ಪಿದೆ, ನಿಘಂಟಿನಲ್ಲಿ ಹಾಗೇ ಇದೆಯಲ್ಲ ಎಂದು ಒಬ್ಬರು ಕೇಳಿದರು. ಫೋನು ಇಟ್ಟ ಮೇಲೂ ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಾ ಅವರಿಗೆ ಉತ್ತರ ಹೇಳುತ್ತಿದ್ದೆ. ಕೊನೆಗೆ ನಮ್ಮ ಮ್ಯಾನೇಜರ್ ಒಂದು ದಿನ ಅವರಿಗೆ ಫೋನ್ ಹಚ್ಚಿ, "ನಿಮ್ಮ ಮನೆಯವ್ರ ಬಗ್ಗೆ ಅವ್ರ ಆಫೀಸಿಂದ ಹೀಗೆ ಬರ್ದು ಕಳಿಸಿದ್ರೆ ನಿಘಂಟು ನೋಡ್ತೀರಾ?" ಎಂದು ಕೇಳಿದರಂತೆ. ಆ ಸಂಜೆಯೇ ಮುಚ್ಚಿದ್ದ ಅಪ್ರೈಸಲ್ಲಿನ ಬೀಗ ತೆಗೆದರು. ಹಳೆಯ ಷರಾ ರದ್ದಾಗಿ ಹೊಸದು ಸೇರಿತು. ರದ್ದಾದ ಬಗ್ಗೆ ಮೊಹರು ಹಾಕಿದ ಪತ್ರವೊಂದನ್ನು ಆಕೆಯ ಗಂಡನ ಕೈಗೇ ಕೊಟ್ಟು ಬಂದೆ. ಅವನು ಅದನ್ನು ನಿಧಾನವಾಗಿ ಓದಿ, ಮಡಚಿ, ಜೇಬಿಗೆ ಇಟ್ಟುಕೊಂಡ. ಕಾಫಿ ಕುಡಿದು ಹೋಗಿ ಎಂದ.

ಹುಳ ಗೂಡು ಕಟ್ಟಿದ ಮೇಲೆ ಆಕೆ ಕೆಲಸಕ್ಕೆ ಬಂದಳು. ಸೂಪರ್‌ವೈಸರ್ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು. ಅವರು ಅದನ್ನು ಸಹಿಸಿಕೊಂಡರು. ಲೈನ್ ಲೀಡರ್‌ನನ್ನು ಬೋರ್ಡಿನ ಹತ್ತಿರ ನಿಲ್ಲಿಸುವುದನ್ನು ಮಾತ್ರ ತಪ್ಪಿಸಲಿಲ್ಲ. ಒಂದು ದಿನ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ಆಕೆ ಕಟ್ಟೊಂದನ್ನು ಹಿಡಿದು ಎದ್ದು, ಹೊಸ ಹುಡುಗಿಯ ಮೇಜಿನವರೆಗೆ ಹೋಗಿ, ಬಾಗಿ ಏನೋ ಹೇಳಿದಳು. ಹುಡುಗಿ ತಲೆ ಆಡಿಸಿದಳು. ಇನ್ನೊಂದು ದಿನ ಎಂದಿನಂತೆ ಕೂತಲ್ಲಿಂದಲೇ ಕೂಗಿದ್ದೂ ಕೇಳಿಸಿತು. ಆಮೇಲೆ ತಾನೇ ನಾಲಗೆ ಕಚ್ಚಿಕೊಂಡು ಎದ್ದು ಹೋದಳು.

ನನಗೆ ನೆಮ್ಮದಿ ಆಗಬೇಕಿತ್ತು. ಆಗಲಿಲ್ಲ. ಆಕೆ ಕೆಲಸಕ್ಕೆ ಬಾರದೆ ಹೋದದ್ದರಿಂದ ನಮಗೆ ಗೊತ್ತಾಯಿತು. ಅಂಥದೇ ಹಾಳೆ ಓದಿ, ಯಾರಿಗೂ ಹೇಳದೆ, ಮರುದಿನ ಬಸ್ಸು ಹತ್ತಿ ಬಂದವರು? ಉಳಿದ ಪ್ರತಿಗಳನ್ನೆಲ್ಲ ತೆಗೆಸಿ ಓದಿದೆ. "ನಡತೆ" ಇನ್ನೂ ಹಲವರ ಹೆಸರಿನ ಕೆಳಗೆ ಇತ್ತು. ಒಬ್ಬರಿಗೆ "ಮಾನಸಿಕ ಸ್ಥಿತಿ ಸಕಾರಾತ್ಮಕವಾಗಿಲ್ಲ" ಎಂದಿತ್ತು. ಕೇಳಿದರೆ, ಶಿಫ್ಟು ಬದಲಾಯಿಸಿದಾಗ ಗೊಣಗುತ್ತಾರೆ ಎಂಬುದಷ್ಟೇ ವಿಷಯ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸತೊಡಗಿದೆ. ಕೆಲವರು ಓದಿಯೇ ಇರಲಿಲ್ಲ, ಲಕೋಟೆ ಒಡೆಯದೆ ಅಟ್ಟದ ಮೇಲೆ ಎಸೆದಿದ್ದರು. ಒಬ್ಬ ಹಿರಿಯರು, "ಬಿಡಿ ಮೇಡಂ, ಕಂಪನಿಯವ್ರು ಅಂದ್ಮೇಲೆ ಏನಾದ್ರೂ ಬರೀಲೇಬೇಕಲ್ಲ" ಎಂದು ನಕ್ಕರು.

ಹೋಳೂರಿನಿಂದ ಬರುವ ಹುಡುಗಿಯೊಬ್ಬಳು ಮಾತ್ರ ಅದನ್ನು ಪೂರ್ತಿ ಓದಿಕೊಂಡಿದ್ದಳು. ಅವಳ ಹಾಳೆಯಲ್ಲೂ ಅದೇ "ನಡತೆ" ಇತ್ತು. ಮನೆಯಲ್ಲಿ ಯಾರಿಗಾದರೂ ತೋರಿಸಿದೆಯಾ ಎಂದು ಕೇಳಿದೆ.

"ಇಲ್ಲ ಮೇಡಂ. ಹರ್ದ್ಬಿಟ್ಟೆ."

"ನಂಗ್ಯಾಕಮ್ಮಾ ಬಂದು ಕೇಳ್ಲಿಲ್ಲ?"

ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು. "ನಾನೇನ್ ಮಾಡ್ದೆ ಅಂತ ದಿನಾ ಯೋಚ್ನೆ ಮಾಡ್ತಿದ್ದೆ. ಏನಾದ್ರೂ ಮಾಡಿರ್ತೀನೇನೋ ಅನ್ಕೊಂಡೆ."

ನಾನು ಅವಳ ಸೂಪರ್‌ವೈಸರ್‌ಗೆ ಫೋನ್ ಹಚ್ಚಿದೆ. ಬಂದು ಕೂತು, ಅವಳು ಏನು ಮಾಡಿದ್ದಳು ಎಂಬುದನ್ನು ಅವಳೆದುರೇ ಬಾಯಲ್ಲಿ ಹೇಳಿ ಎಂದೆ. ಅವರು ಬರುವವರೆಗೆ ಅವಳೂ ನಾನೂ ಬಾಗಿಲ ಕಡೆಗೇ ನೋಡುತ್ತಾ ಕೂತಿದ್ದೆವು.